ಸುಮಾ ಎಚ್. ಎಸ್. ಎಲ್ಲಿಗೆ ಹೋದಳು?

ನಮ್ಮನೆಗೆ ಸೊಸೆಯರು ಇಬ್ಬರು. ಹಿರಿಯವಳು ನಾನು, ತವರಿನ ಇನಿಷಿಯಲ್ಲನ್ನೇ ಇಟ್ಟುಕೊಂಡವಳು. ಕಿರಿಯವಳು ಸುಮಾ, ಹೆಸರು ಬದಲಿಸಬೇಕು ಅಂತ ಹೊರಟವಳು. ಮದುವೆಯಾದರೆ ಹೆಸರು ಬದಲಿಸಲೇಬೇಕು ಅಂತ ಯಾವ ಕಾನೂನೂ ಹೇಳೋದಿಲ್ಲ. ಸಾಗರದ ಕಡೆಯ ನೆಂಟರು ಮಾತ್ರ ಹೇಳುತ್ತಾರೆ.

ತಮಾಷೆ ಶುರುವಾಗಿದ್ದು ಏನು ಅಂತ ಬದಲಿಸೋದು ಅನ್ನೋದರಲ್ಲಿ. ಬೇರೆ ಕಡೆಯವರಿಗೆ ಒಂದು ಅಡ್ಡಹೆಸರು ಇರುತ್ತದೆ, ಅದನ್ನು ತೆಗೆದು ಇನ್ನೊಂದು ಹಾಕಿದರೆ ಮುಗಿಯಿತು. ನಮ್ಮಲ್ಲಿ ಇರೋದು ಇನಿಷಿಯಲ್ಲು. ಸುಮಾ ಎಚ್. ಎಸ್. ಅಂದರೆ ಎಚ್ ಅವಳ ಊರು ಹೊಸಕೊಪ್ಪ, ಎಸ್ ಅವಳಪ್ಪ ಸುಬ್ಬರಾವ್. ಆಧಾರಿನಲ್ಲಿ ಅವಳು ‘ಸುಮಾ ಎಚ್ ಎಸ್’. ಪಾಸ್‌ಬುಕ್ಕಿನಲ್ಲಿ ‘ಎಚ್ ಎಸ್ ಸುಮಾ’. ಪ್ಯಾನ್ ಫಾರಂನಲ್ಲಿ ಇನಿಷಿಯಲ್ ಬರೆಯೋ ಹಾಗಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ ‘ಸುಮಾ ಹೊಸಕೊಪ್ಪ ಸುಬ್ಬರಾವ್’. ಮದುವೆಗೆ ಮೊದಲೇ ಅವಳು ಮೂರು ಜನ ಆಗಿದ್ದಳು.

ಅತ್ತೆಗೆ ‘ಸುಮಾ ಹೆಗಡೆ’ ಬೇಕಿತ್ತು. ಊರೆಲ್ಲ ನಮ್ಮನ್ನು ಹೆಗಡೇರ ಮನೆಯವರು ಅಂತಲೇ ಕರೆಯೋದು. ಆದರೆ ನನ್ನ ಮೈದುನನ ಯಾವ ಕಾಗದ ತೆಗೆದರೂ ಅಲ್ಲಿರೋದು ‘ರಾಘವೇಂದ್ರ ಕೆ. ವಿ.’ ಮಾವನವರ ಪಹಣಿಯಲ್ಲೂ ಹೆಗಡೆ ಇಲ್ಲ. ಅಜ್ಜನ ಕಾಲದ ಒಂದು ರಸೀದಿಯಲ್ಲಿ ಇದೆ ಅಂತ ಅತ್ತೆ ಅಟ್ಟ ಹತ್ತಿಸಿದರು. ಸಿಕ್ಕಿದ್ದು ಗೆದ್ದಲು.

ಇಲ್ಲೊಂದು ವಿಷಯ ಹೇಳಿಬಿಡಬೇಕು. ಮದುವೆ ಸರ್ಟಿಫಿಕೇಟು ನದಿಗೆ ಹಾಕಿದ ಕಾಲುಸಂಕದ ಹಾಗೆ. ಈ ದಡದಲ್ಲಿ ಹಳೆ ಹೆಸರು ಇರಬೇಕು, ಆ ದಡದಲ್ಲಿ ಗಂಡನ ಹೆಸರು ಇರಬೇಕು. ಎರಡರಲ್ಲೂ ಇಲ್ಲದ ‘ಹೆಗಡೆ’ಗೆ ಅದು ದಾರಿ ಕೊಡೋದಿಲ್ಲ. ಅದೇ ಬೇಕು ಅಂದರೆ ನೋಟರಿಯ ಅಫಿಡವಿಟ್ಟು, ಪೇಪರಿನಲ್ಲಿ ಜಾಹೀರಾತು, ಗೆಜೆಟ್ಟು, ಹೀಗೆ ಬೇರೆಯೇ ದಾರಿ ಹಿಡಿಯಬೇಕು. ಕೊನೆಗೆ ‘ಸುಮಾ ರಾಘವೇಂದ್ರ’ ಅಂತ ಒಪ್ಪಂದವಾಯಿತು. ಅತ್ತೆ ಎರಡು ಹೊತ್ತು ಸೊಸೆಯರ ಜೊತೆ ಮಾತು ಬಿಟ್ಟರು. ಸೊಸೆಯರು ಅಂದರೆ ನಾನೂ ಸೇರಿ. ನಾನೇನು ಮಾಡಿದ್ದೆ?

ನೋಂದಣಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಲಗ್ನಪತ್ರಿಕೆ, ಫೋಟೋ, ವಯಸ್ಸಿನ ದಾಖಲೆ, ಮೂರು ಜನ ಸಾಕ್ಷಿಗಳನ್ನು ಹೊತ್ತುಕೊಂಡು ಹೋದದ್ದಾಯಿತು. ಸಾಕ್ಷಿಗೆ ಬಂದ ಸೋದರಮಾವ ಬಹಳ ಉತ್ಸಾಹಿ. ಅರ್ಜಿಯ ವಧುವಿನ ಹೆಸರಿನ ಜಾಗದಲ್ಲಿ ತಾವೇ ‘ಸುಮಾ ರಾಘವೇಂದ್ರ’ ಅಂತ ಬರೆಸಿಬಿಟ್ಟಿದ್ದರು. ಮದುವೆ ಆಯಿತಲ್ಲ, ಇನ್ನೇಕೆ ಹಳೆ ಹೆಸರು ಅಂತ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

“ಈ ಹೆಸರಿನ ಹುಡುಗಿ ಮದುವೆಗೆ ಮೊದಲು ಎಲ್ಲಿದ್ದಳು ಸ್ವಾಮಿ?”

ಸೋದರಮಾವ ಸುಮಾಳ ಕಡೆ ಕೈ ತೋರಿಸಿದರು. “ಇವಳೇ.”

“ಇವಳ ಆಧಾರಿನಲ್ಲಿ ಸುಮಾ ಎಚ್ ಎಸ್ ಇದೆ. ನೀವು ಬರೆದವಳು ಬೇರೆ. ಎಚ್ ಎಸ್ ಎಲ್ಲಿಗೆ ಹೋದಳು?”

ಅವರು ತಿದ್ದಿಸಿದ್ದೇ ಪುಣ್ಯ. ಸರ್ಟಿಫಿಕೇಟಿನಲ್ಲಿ ಹೊಸ ಹೆಸರೇ ಬಂದಿದ್ದರೆ ಎಚ್. ಎಸ್. ಸುಮಾಳೂ ಇವಳೂ ಒಬ್ಬಳೇ ಅಂತ ಹೇಳೋ ಕಾಗದವೇ ಇರುತ್ತಿರಲಿಲ್ಲ. ಆಧಾರಿನಲ್ಲಿ ಆ ಹೊತ್ತಿಗೆ ಏನಿದೆಯೋ ಅದನ್ನೇ ಅಕ್ಷರ ಬಿಡದೆ ಬರೆಸಬೇಕು.

ಸರ್ಟಿಫಿಕೇಟು ಬಂದ ಮೇಲೆ ಮೊದಲು ಆಧಾರ್. ಆದರೆ ನಮ್ಮ ಮೈದುನನಿಗೆ ಜಂಟಿ ಖಾತೆ ಅರ್ಜೆಂಟು. ಬ್ಯಾಂಕಿನವರು ಸರ್ಟಿಫಿಕೇಟು ನೋಡಿ ಸುಮಾಳ ಖಾತೆಯ ಹೆಸರನ್ನು ಬದಲಿಸಿಯೂ ಕೊಟ್ಟರು. ಎಲ್ಲರಿಗೂ ಖುಷಿ. ಅವಳ ಠೇವಣಿಯ ಬಡ್ಡಿಯಲ್ಲಿ ಹಿಡಿದ ಟಿಡಿಎಸ್ ವಾಪಸ್ ಬರಬೇಕಿತ್ತು. ರಿಟರ್ನ್ ಹಾಕಿದಳು, ದುಡ್ಡು ಬರಲಿಲ್ಲ. ತೆರಿಗೆ ಪೋರ್ಟಲ್‌ನಲ್ಲಿ ರೀಫಂಡಿನ ಖಾತೆಯನ್ನು ಮೊದಲು ದೃಢಪಡಿಸಬೇಕು. ಅದು ಖಾತೆಯ ಹೆಸರನ್ನು ಪ್ಯಾನಿನ ಹೆಸರಿನ ಪಕ್ಕ ಇಟ್ಟು ನೋಡುತ್ತದೆ. ಖಾತೆ ರಾಘವೇಂದ್ರನ ಹೆಸರಿಗೆ ಬಂದಿತ್ತು, ಪ್ಯಾನ್ ಇನ್ನೂ ಸುಬ್ಬರಾಯರ ಹತ್ತಿರವೇ ಇತ್ತು. “ಅಕ್ಕಾ, ಸರ್ಕಾರಕ್ಕೆ ನಾನು ಯಾರು ಅಂತಲೇ ಗೊತ್ತಿಲ್ಲ” ಅಂತ ಸುಮಾ ಅಡುಗೆಮನೆಯಲ್ಲಿ ಕೂತಳು.

ಹಾಗಾದರೆ ಪ್ಯಾನ್ ಮಾಡಿಸೋಣ ಅಂದರೆ, ಅಲ್ಲಿ ಅರ್ಜಿಯ ಹೆಸರು ಆಧಾರಿಗೆ ಸರಿಯಾಗಿ ಹೊಂದಬೇಕು. ಆಧಾರ್ ಇನ್ನೂ ಎಚ್ ಎಸ್. ಕೊನೆಗೆ ಆಧಾರಿಗೇ ಬಂದು ನಿಂತೆವು.

ಬಂದದ್ದು ಅಡಿಕೆ ಸುಗ್ಗಿಯಲ್ಲಿ. ಸುಮಾಳಿಗೆ ಅಡಿಕೆ ಸುಲಿಯೋದರಲ್ಲಿ ಒಳ್ಳೆ ಕೈ. ಅದೇ ಕೈಯನ್ನು ಆಧಾರ್ ಕೇಂದ್ರದ ಗಾಜಿನ ಮೇಲೆ ಇಟ್ಟಳು. ಚೊಗರು ಹತ್ತಿ ಕಪ್ಪಾದ ಬೆರಳು, ತುದಿಯೆಲ್ಲ ಸವೆದು ನುಣುಪು. ಕೆಂಪು ದೀಪ ಬಂತು. ಒರೆಸಿ ಇಟ್ಟಳು, ಮತ್ತೆ ಕೆಂಪು. ಹುಡುಗ ಹೆಬ್ಬೆರಳು ಬಿಟ್ಟು ಕಿರುಬೆರಳಿಗೆ ಬಂದ, ಅದೂ ಇಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಅಂತ ಸಾಲಿನಲ್ಲಿದ್ದವರು, ನಿಂಬೆಹಣ್ಣು ತಿಕ್ಕಿ ಅಂತ ಅವರ ಹಿಂದಿನವರು. ಅಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ಹುಡುಗ ಕಣ್ಣಿನ ಮೆಷಿನ್ ತೆಗೆದ, ಅದು ಸುಮಾಳನ್ನು ತಕ್ಷಣ ಗುರುತಿಸಿತು. ಅಡಿಕೆ ಸುಲಿಯುವ ಮನೆಯವರು ಬೆರಳಿಗೆ ಜಗ್ಗಾಡೋ ಬದಲು ಕಣ್ಣನ್ನೇ ಮೊದಲು ಕೇಳಿ.

ಆಮೇಲೆ ಎದುರಿನ ಸ್ಕ್ರೀನ್. ಇಂಗ್ಲಿಷಿನಲ್ಲಿ ಹೆಸರು ಸರಿಯಾಗಿತ್ತು. ಕನ್ನಡದಲ್ಲಿ ‘ಸುಮ ರಘವೆಂದ್ರ’. ಕಂಪ್ಯೂಟರು ತಾನೇ ಬರೆದುಕೊಳ್ಳುತ್ತದೆ, ಅದಕ್ಕೆ ದೀರ್ಘದ ಚಿಂತೆಯಿಲ್ಲ. ಸುಮಾ ನಿಲ್ಲಿಸಿ ತಿದ್ದಿಸಿದಳು. ಹುಡುಗ “ಇಂಗ್ಲಿಷ್ ಸರಿಯಿದ್ದರೆ ಸಾಕು ಮೇಡಂ” ಅಂದ. ಸಾಕಾಗೋದಿಲ್ಲ. ಆಧಾರಿನಲ್ಲಿ ಹೆಸರು ಬದಲಿಸಲು ಜನ್ಮಕ್ಕೆ ಎರಡೇ ಅವಕಾಶ. ಒಂದನ್ನು ದೀರ್ಘಕ್ಕೆ ಖರ್ಚು ಮಾಡಿದರೆ ಹೇಗೆ? ಗಂಡನ ಮನೆಯ ವಿಳಾಸವನ್ನೂ ಅದೇ ಸಲ ಹಾಕಿಸಿದ್ದರಿಂದ ಒಂದೇ ಶುಲ್ಕದಲ್ಲಿ ಎರಡೂ ಆಯಿತು.

ಆಧಾರ್ ಕೈಗೆ ಬಂದ ಮೇಲೆ ಪ್ಯಾನ್ ಸಲೀಸು. ಹೊಸ ಕಾರ್ಡು ಬಂದ ದಿನ ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು. “ಇದರಲ್ಲಿ ಇನ್ನೂ ಅವಳಪ್ಪನ ಹೆಸರೇ ಇದೆಯಲ್ಲ?” ಹೌದು, ಹೆಸರು ರಾಘವೇಂದ್ರ ಆದರೂ ಕೆಳಗೆ ತಂದೆ ಸುಬ್ಬರಾಯರೇ. ಅಲ್ಲಿ ಗಂಡನಿಗೆ ಜಾಗವಿಲ್ಲ. ನಂಬರೂ ಹಳೆಯದೇ. ಅದರ ಐದನೇ ಅಕ್ಷರ ಮೊದಲು ಕಾರ್ಡು ಮಾಡಿಸುವಾಗ ಇದ್ದ ಕೊನೆ ಹೆಸರಿನ ಮೊದಲ ಅಕ್ಷರ. ಸುಮಾಳ ನಂಬರಿನಲ್ಲಿ ಸುಬ್ಬರಾಯರ ‘ಎಸ್’ ಹಾಗೇ ಉಳಿದಿದೆ, ಎಷ್ಟು ಸಲ ಹೆಸರು ಬದಲಿಸಿದರೂ ಹೋಗೋದಿಲ್ಲ. ಅತ್ತೆಗೆ ನಾವು ಅದನ್ನು ಹೇಳಿಲ್ಲ.

ಪ್ಯಾನ್ ಬಂದ ಮೇಲೆ ಪೋರ್ಟಲ್‌ನಲ್ಲಿ ಖಾತೆಯನ್ನು ಮತ್ತೆ ದೃಢಪಡಿಸಿದಳು, ರೀಫಂಡು ಬಂತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮದುವೆಗಾಗಿ ತಿದ್ದೋದಿಲ್ಲ. ಅಲ್ಲಿ ಅವಳು ಕೊನೆತನಕ ಎಚ್. ಎಸ್. ಆದ್ದರಿಂದ ಅಂಕಪಟ್ಟಿ ಕೇಳಿದಲ್ಲೆಲ್ಲ ಮದುವೆ ಸರ್ಟಿಫಿಕೇಟೂ ಜೊತೆಗೆ ಹೋಗಬೇಕು. ಮತದಾರರ ಪಟ್ಟಿಗೆ ಫಾರಂ 8 ಹಾಕಿಯಾಗಿದೆ.

ಇನ್ನು ಉಳಿದಿರೋದು ರೇಷನ್ ಕಾರ್ಡು. ತವರಿನ ಕಾರ್ಡಿನಿಂದ ಹೆಸರು ತೆಗೆಸಿದ ಮೇಲೆ ಇಲ್ಲಿಗೆ ಸೇರಿಸಬೇಕು. ಸುಬ್ಬರಾಯರಿಗೆ ಫೋನ್ ಮಾಡಿದಾಗಲೆಲ್ಲ “ಮಳೆ ಬಿಡಲಿ, ನೋಡೋಣ” ಅನ್ನುತ್ತಾರೆ. ಆಗುಂಬೆ ಕಡೆಯವರು ಮಳೆ ಬಿಡಲಿ ಅಂದರೆ ಯಾವಾಗ ಅಂತ ನಿಮಗೆ ಗೊತ್ತಲ್ವಾ.