ಮಾನ್ಯರೇ, ಸ್ಲ್ಯಾಬು ಎಲ್ಲಿ?

ಬುದ್ಧಿವಂತರ ಜಿಲ್ಲೆಯೆಂಬ ಬಿರುದಿನಲ್ಲಿ 1997ರಲ್ಲಿ ದಕ್ಷಿಣ ಕನ್ನಡದಿಂದ ಬೇರೆಯಾದ ನಂತರವೂ ತನ್ನ ಪಾಲನ್ನು ಬಿಟ್ಟುಕೊಡದ ಉಡುಪಿಯಲ್ಲಿ, ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಮನೆಯೆದುರಿನ ತೋಡಿನ ಮೇಲೆ ಹಾಸಬೇಕಾಗಿದ್ದ ಸ್ಲ್ಯಾಬಿನ ಕುರಿತು ಒಂದು ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸಿದರು. ಮೂರು ಪುಟಗಳ ಆ ಅರ್ಜಿಯಲ್ಲಿ ಕನ್ನಡ ವ್ಯಾಕರಣದ ಒಂದು ತಪ್ಪೂ ಇರಲಿಲ್ಲ. ಆದರೆ ‘ಕಳೆದ ಆಟಿಯ ಮೊದಲು ಮಂಜೂರಾದ ಸ್ಲ್ಯಾಬನ್ನು ಇನ್ನೂ ಏಕೆ ಹಾಕಿಲ್ಲ, ಇದಕ್ಕೆ ಯಾರು ಹೊಣೆ, ನಿಮಗೆ ನಾಚಿಕೆಯಾಗುವುದಿಲ್ಲವೇ’ ಎಂಬ ಮೂರು ಪ್ರಶ್ನೆಗಳಿದ್ದವು.

ದಿನಾಂಕ 03-06-2024ರಂದು ಸ್ವೀಕೃತವಾದ ಅರ್ಜಿಗೆ ಕಚೇರಿಯು ಮೂವತ್ತನೆಯ ದಿನವಾದ 03-07-2024ರಂದು ಉತ್ತರಿಸಿತು. ಕಾಯಿದೆಯ 7(1)ನೇ ಕಲಮು ಕೊಟ್ಟಿರುವ ಮೂವತ್ತು ದಿನಗಳಲ್ಲಿ ಒಂದನ್ನೂ ವ್ಯರ್ಥವಾಗಲು ಬಿಡದ ಈ ಮಿತವ್ಯಯವನ್ನು ಮೆಚ್ಚಲೇಬೇಕು. ಕೋರಿಕೆ ಪ್ರಶ್ನಾರ್ಥಕ ರೂಪದಲ್ಲಿದೆ, ಅವಧಿ ಸ್ಪಷ್ಟವಿಲ್ಲ, ಅರ್ಜಿ 150 ಪದಗಳನ್ನು ಮೀರಿದೆ ಎಂದು ಉತ್ತರದಲ್ಲಿತ್ತು. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದ ಮೀರಬಾರದು ಎಂಬ ನಿಯಮ ಕರ್ನಾಟಕದಲ್ಲಿ 2008ರಿಂದ ಇದೆ. ಉತ್ತರ ಇಷ್ಟೇ ಪದಗಳಲ್ಲಿರಬೇಕೆಂಬ ನಿಯಮ ಇಲ್ಲವಾದ್ದರಿಂದ, ಮಾಹಿತಿ ಏನೂ ಇಲ್ಲವೆಂಬುದನ್ನು ತಿಳಿಸಲು ಎರಡು ಪುಟ ಬೇಕಾಯಿತು. ಅರ್ಜಿ ಬರೆಯುವವರಿಗೆ ಸೂಕ್ತ ನೆರವನ್ನು ಮಾಹಿತಿ ಅಧಿಕಾರಿಯೇ ನೀಡಬೇಕೆನ್ನುವ 5(3)ನೇ ಕಲಮು ಮಾತ್ರ ಆ ಎರಡು ಪುಟಗಳಲ್ಲಿ ಎಲ್ಲೂ ಜಾಗ ಪಡೆಯಲಿಲ್ಲ.

ನೆರವು ನೀಡಿದವರು ಪಕ್ಕದ ಮನೆಯ ನಿವೃತ್ತ ಗುಮಾಸ್ತರು. ಇಂಥ ಉತ್ತರಗಳನ್ನು ಬರೆದೇ ಪಿಂಚಣಿಯವರೆಗೆ ಬಂದವರಾದ್ದರಿಂದ, ಅವರಿಗೆ ಆಚೆಯ ದಾರಿಯೂ ಗೊತ್ತಿತ್ತು. “ಸಿಟ್ಟು ಬೇಡ ಮಾರಾಯ್ರೆ, ಕಡತ ಕೇಳಿ” ಎಂದು ಅವರು ಮೊದಲು ‘ನಾಚಿಕೆ’ಯನ್ನು ಹೊಡೆದುಹಾಕಿದರು, ಏಕೆಂದರೆ ಅದು ಕಚೇರಿಯ ದಾಖಲೆಗಳಲ್ಲಿ ಲಭ್ಯವಿರುವ ವಸ್ತುವಲ್ಲ. ಬಳಿಕ ‘ಏಕೆ’ ಹೋಯಿತು. ದಾಖಲೆಯಲ್ಲಿ ಇರುವುದನ್ನು ಮಾತ್ರ ಕೇಳಬಹುದು, ಕಾರಣ ವಿವರಿಸೆಂದು ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟಿನ ಗೋವಾ ಪೀಠ 2008ರಲ್ಲಿಯೇ ಹೇಳಿದೆ. ತೋಡಿಗೆ ಬಿದ್ದ ಮೊಮ್ಮಗನ ಸೈಕಲ್ಲಿನ ಕಥೆಯೂ ಹೋಯಿತು. ಮಾಹಿತಿ ಏತಕ್ಕೆ ಬೇಕೆಂದು ಹೇಳುವ ಅಗತ್ಯವಿಲ್ಲವೆಂದು 6(2)ನೇ ಕಲಮು ಹೇಳುತ್ತದೆ. ತುಳುವರ ಮಳೆಗಾಲದ ಆಟಿ ತಿಂಗಳು ಯಾವ ರಿಜಿಸ್ಟರಿನಲ್ಲಿಯೂ ಇಲ್ಲದ ಕಾರಣ, ಅದರ ಜಾಗಕ್ಕೆ ‘01-04-2023ರಿಂದ 31-03-2024ರವರೆಗೆ’ ಎಂಬುದು ಬಂತು.

ತಿದ್ದಿದ ಅರ್ಜಿ ಹೀಗಿತ್ತು: ‘ಮಾನ್ಯರೇ, ಮೇಲ್ಕಂಡ ಅವಧಿಯಲ್ಲಿ ಸದರಿ ತೋಡಿನ ಸ್ಲ್ಯಾಬು ಕಾಮಗಾರಿಗೆ ಸಂಬಂಧಿಸಿದ (1) ಅಂದಾಜು ಪಟ್ಟಿ, (2) ಕಾರ್ಯಾದೇಶ, (3) ಅಳತೆ ಪುಸ್ತಕದ ಸಂಬಂಧಿತ ಪುಟಗಳು, (4) ಪಾವತಿಯಾದ ಬಿಲ್ಲು, ಇವುಗಳ ದೃಢೀಕೃತ ಪ್ರತಿಗಳನ್ನು ಒದಗಿಸಬೇಕಾಗಿ ವಿನಂತಿ.’ ‘ಮಾನ್ಯರೇ’ ಎಂದಾಗಲಿ ‘ವಿನಂತಿ’ ಎಂದಾಗಲಿ ಬರೆಯಬೇಕೆಂದು ಕಾಯಿದೆ ಹೇಳಿಲ್ಲ. ಆದರೂ ನಲವತ್ತು ವರ್ಷ ಮಕ್ಕಳಿಂದ ‘ನಮಸ್ತೇ ಸಾರ್’ ಹೇಳಿಸಿಕೊಂಡ ಮೇಷ್ಟ್ರು ಅದನ್ನು ತಮ್ಮ ಕೈಯಾರೆ ಬರೆದು, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ದಿನಾಂಕ 08-07-2024ರಂದು ಸಲ್ಲಿಸಿ ಸ್ವೀಕೃತಿ ಪಡೆದರು.

ಪ್ರಶ್ನೆಗಳಿಗೆ ಸಂಖ್ಯೆ ಹಾಕುವುದರ ಮಹಿಮೆ ಆಗ ತಿಳಿಯಿತು. ಸಂಖ್ಯೆಯಿಲ್ಲದ ಅರ್ಜಿಗೆ ಒಂದೇ ವಾಕ್ಯದ ಉತ್ತರ ಸಾಕು. ಸಂಖ್ಯೆಯಿದ್ದರೆ ಪ್ರತಿಯೊಂದಕ್ಕೂ ಏನನ್ನಾದರೂ ಬರೆಯಬೇಕು, ಬಿಟ್ಟುಹೋದದ್ದು ಮೇಲ್ಮನವಿಯಲ್ಲಿ ಎದ್ದುಕಾಣುತ್ತದೆ. ಪುಟಕ್ಕೆ ಎರಡು ರೂಪಾಯಿಯಂತೆ ಹಣ ಕಟ್ಟಿದ ಮೇಲೆ ನಾಲ್ಕೂ ದಾಖಲೆಗಳು ಕೈಸೇರಿದವು. ಮೇಷ್ಟ್ರ ಕಣ್ಣೆದುರಿಗೆ ಇಂದಿಗೂ ಬಾಯಿ ತೆರೆದುಕೊಂಡಿರುವ ತೋಡು ಅಳತೆ ಪುಸ್ತಕದಲ್ಲಿ ಸಂಪೂರ್ಣ ಮುಚ್ಚಿತ್ತು. ಸ್ಲ್ಯಾಬಿನ ಉದ್ದ, ಅಗಲ, ದಪ್ಪ ಎಲ್ಲವೂ ಸೆಂಟಿಮೀಟರ್ ಸಹಿತ ನಮೂದಾಗಿದ್ದವು. ಬಿಲ್ಲು ಆರ್ಥಿಕ ವರ್ಷ ಮುಗಿಯುವ ಮೊದಲೇ ಪಾವತಿಯಾಗಿತ್ತು. ದಿನಾಂಕದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದ ಕಚೇರಿಯ ಕಾರ್ಯಾದೇಶ 21-03-2024ರದ್ದು, ಅಳತೆ ತೆಗೆದದ್ದು 18-03-2024ರಂದು. ಕೆಲಸ ಆರಂಭಿಸಲು ಅಪ್ಪಣೆಯಾಗುವ ಮೂರು ದಿನ ಮೊದಲೇ ಮುಗಿದ ಕೆಲಸವನ್ನು ಟೇಪು ಹಿಡಿದು ಅಳೆದ ದೂರದೃಷ್ಟಿ ಎಲ್ಲ ಇಲಾಖೆಗಳಿಗೂ ಬರುವುದಿಲ್ಲ.

ಮೇಷ್ಟ್ರು ಕೆಂಪು ಶಾಯಿಯ ಪೆನ್ನು ತೆಗೆದು ‘ಇದು ಹೇಗೆ ಸಾಧ್ಯ?’ ಎಂದು ಹೊಸ ಅರ್ಜಿ ಆರಂಭಿಸಿದರು. ಗುಮಾಸ್ತರು ಆ ಸಾಲನ್ನು ಹೊಡೆದು, ‘(1) ಸದರಿ ಅಳತೆಯನ್ನು ಪರಿಶೀಲಿಸಿ ಸಹಿ ಮಾಡಿದ ಅಧಿಕಾರಿಯ ಹೆಸರು ಮತ್ತು ಪದನಾಮ, (2) ಬಿಲ್ಲು ಪಾವತಿಯ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ’ ಎಂದು ಬರೆದು, ಮೇಲೆ ‘ಮಾನ್ಯರೇ’ ಸೇರಿಸಿದರು.