ಅಜ್ಜ ಮನೆ ಒತ್ತಿದ್ದು

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಚಾಪೆ ಹಾಸಿ ಒಂದು ಗಳಿಗೆ ಅಡ್ಡಾಗುವ ಅಂತ ಹೊರಟವನಿಗೆ ಭಾವನ ಫೋನು. "ಭಾವಾ, ಒಂದು ಅರ್ಧ ಗಂಟೆಯ ಕೆಲಸ ಉಂಟು, ನೀವು ಸ್ಕ್ರೀನ್ ನೋಡುವವರಲ್ವಾ." ನಾನು ಬೆಂಗಳೂರಿನ ಕಂಪೆನಿಯೊಂದಕ್ಕೆ ಮನೆಯಲ್ಲೇ ಕೂತು ಮೊಬೈಲ್ ಆ್ಯಪ್ ಟೆಸ್ಟ್ ಮಾಡುವವ ಹೌದು. ಕಾಸರಗೋಡಿನ ನಮ್ಮ ಈ ಮೂಲೆಯಲ್ಲಿ ಅದಕ್ಕೆ "ಸ್ಕ್ರೀನ್ ನೋಡುವ ಕೆಲಸ" ಅಂತಲೇ ಹೆಸರು, ಡಾಕ್ಟ್ರಿಗೆ ನಾಲಗೆ ನೋಡುವವ ಅಂದ ಹಾಗೆ. ಭಾವನದ್ದು ಕಿಯೋಸ್ಕ್ ಕಾಂಟ್ರಾಕ್ಟ್. ಒಂದು ಸರಕಾರಿ ಆಫೀಸಿನಲ್ಲಿ (ಯಾವುದು ಅಂತ ಹೇಳುವುದಿಲ್ಲ, ನಾಳೆ ನನಗೂ ಅಲ್ಲಿ ಕೆಲಸ ಬೀಳ್ತದೆ) ಟೋಕನ್ ತೆಗೆಯಲು, ತೆರಿಗೆ ಎಷ್ಟು ಬಾಕಿ ಅಂತ ನೋಡಲು ಒಂದು ಮೆಷಿನ್ ಇಟ್ಟು ಹದಿನೈದು ದಿನ ಆಗಿದೆ, ಜನ ಮುಟ್ಟುವುದಿಲ್ಲವಂತೆ. "ನಮ್ಮ ಜನಕ್ಕೆ ಟೆಕ್ನಾಲಜಿ ಗೊತ್ತಿಲ್ಲ ಭಾವಾ" ಅಂದ. ಗೂಗಲ್ ಪೇಯಲ್ಲಿ ಮೀನಿನವಳಿಗೆ ನಲವತ್ತು ರೂಪಾಯಿ ಕಳಿಸುವ ಜನ ನಮ್ಮದು, ಅದು ಇವನಿಗೆ ಗೊತ್ತಿಲ್ಲ.

ಮೂರೂವರೆಗೆ ಹೋದೆ. ಪಶ್ಚಿಮಕ್ಕೆ ಗಾಜಿನ ಬಾಗಿಲು, ಅದಕ್ಕೆ ನೇರ ಎದುರು ಗೋಡೆಗೆ ತಾಗಿಸಿ ಮೆಷಿನ್. ಮೆಷಿನ್ ಎದುರು ಒಬ್ಬ ಹುಡುಗ ನಿಂತಿದ್ದ. ಅಬ್ಬ, ಯಾರೋ ಒಬ್ಬನಾದರೂ ಉಪಯೋಗಿಸ್ತಾ ಇದ್ದಾನಲ್ಲ ಅಂತ ಖುಷಿಯಾಗಿ ಹತ್ತಿರ ಹೋಗಿ ನೋಡಿದರೆ ಅವ ಬಾಚಣಿಗೆ ತೆಗೆದು ಕೂದಲು ಸರಿಮಾಡಿಕೊಳ್ತಾ ಇದ್ದಾನೆ! ತಪ್ಪು ಅವನದ್ದಲ್ಲ ಬಿಡಿ. ಸ್ಕ್ರೀನಿನಲ್ಲಿ ಕಡುನೀಲಿ ಹಿನ್ನೆಲೆ, ಅದರ ಮೇಲೆ ಬೂದಿ ಬಣ್ಣದ ಅಕ್ಷರ, ಅದರ ಮೇಲೆ ದಪ್ಪ ಗ್ಲಾಸು, ಎದುರಿಗೆ ಬೆಳಗುವ ಬಾಗಿಲು. ಕನ್ನಡಿ ಅಂತ ಮಾಡಿದ್ದರೂ ಇಷ್ಟು ಚಂದ ಆಗ್ತಿರಲಿಲ್ಲ.

ಭಾವನಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ಕಾಂಟ್ರಾಸ್ಟ್ 5:1 ಉಂಟು ಭಾವಾ, ನಿಯಮದಲ್ಲಿ 4.5 ಇದ್ದರೆ ಸಾಕು, ಪಾಸ್" ಅಂದ. ಪಾಸ್ ಹೌದು, ಅವನ ಏಸಿ ರೂಮಿನಲ್ಲಿ. ಇಲ್ಲಿ ಲೆಕ್ಕ ಬೇರೆ. ಹೊಳಪು ಅಳೆಯುವುದು ನಿಟ್ಸ್ ಲೆಕ್ಕದಲ್ಲಿ. ಅಕ್ಷರದಿಂದ 50 ನಿಟ್ಸ್ ಬೆಳಕು, ಹಿನ್ನೆಲೆಯಿಂದ 10 ಅಂತಿಟ್ಟುಕೊಳ್ಳಿ, ಅದೇ ಅವನ 5:1. ಬಾಗಿಲಾಚೆಯ ಬಿಳಿ ಆಕಾಶ 5000 ನಿಟ್ಸ್ ಅನ್ನುವ. ಮಾಮೂಲಿ ಗ್ಲಾಸಿನ ಎದುರು ಮೈ ಅದರಲ್ಲಿ ನೂರಕ್ಕೆ ನಾಲ್ಕು ಪಾಲು ವಾಪಸ್ ಕಣ್ಣಿಗೆ ಎಸೀತದೆ, ಅಂದರೆ 200. ಈ 200 ಅಕ್ಷರಕ್ಕೂ ಸೇರ್ತದೆ, ಹಿನ್ನೆಲೆಗೂ ಸೇರ್ತದೆ. 250ಕ್ಕೆ 210. ಐದು ಇದ್ದದ್ದು ಒಂದೂಕಾಲೂ ಉಳೀಲಿಲ್ಲ. ಅದೇ ಬಿಳಿ ಹಿನ್ನೆಲೆಗೆ ಕಪ್ಪು ಅಕ್ಷರ ಹಾಕಿದ್ದರೆ, ಬಿಳಿ 300 ನಿಟ್ಸ್ ಅಂತ ಹಿಡಿದರೂ 500ಕ್ಕೆ 200 ಚಿಲ್ಲರೆ, ಎರಡೂವರೆ ಆದರೂ ಸಿಗ್ತಿತ್ತು. ಅದೂ ಸಾಲದು, ಆದರೆ ಕಣ್ಣು ಕಿರಿದು ಮಾಡಿ ಓದಬಹುದು, ಬಿಳಿಯ ಮೇಲೆ ಮುಖವೂ ಅಷ್ಟು ಕಾಣುವುದಿಲ್ಲ. ಎಲ್ಲದಕ್ಕಿಂತ ಸುಲಭದ ಮದ್ದು ಮೆಷಿನನ್ನು ಕಾಲು ಸುತ್ತು ತಿರುಗಿಸಿ ಬಾಗಿಲು ಅದರ ಪಕ್ಕಕ್ಕೆ ಬರುವ ಹಾಗೆ ಇಡುವುದು. ಎಲ್ಲಿ ಇಡಬೇಕು ಅಂತ ನೋಡಲು ಮೀಟರ್ ಗೀಟರ್ ಎಂತದ್ದೂ ಬೇಡ, ಸ್ಕ್ರೀನ್ ಆಫ್ ಮಾಡಿ ಎದುರು ನಿಲ್ಲಿ, ಆ ಕಪ್ಪು ಗ್ಲಾಸಿನಲ್ಲಿ ಎಂತದು ಬೆಳಗ್ತಾ ಕಾಣ್ತದೋ ಅದೇ ನಿಮ್ಮ ಶತ್ರು. ಬೆಳಗ್ಗೆ ಒಮ್ಮೆ, ಸಾಯಂಕಾಲ ಒಮ್ಮೆ ನೋಡಬೇಕು ಅಷ್ಟೆ. ಇವರು ಇಟ್ಟದ್ದು ಬೆಳಗ್ಗೆ ಹತ್ತಕ್ಕೆ, ಉದ್ಘಾಟನೆಯ ಹೊತ್ತಿಗೆ.

ಬಟನ್ ವಿಷಯ ಬೇಗ ಹೇಳಿ ಮುಗಿಸ್ತೇನೆ, ಯಾಕೆಂದರೆ ಅಜ್ಜನ ಕಥೆ ಬಾಕಿ ಉಂಟು. ಕಿಸೆಯಿಂದ ಒಂದು ರೂಪಾಯಿ ನಾಣ್ಯ ತೆಗೆದು ಬಟನ್ ಮೇಲೆ ಹಿಡಿದೆ. ಬಟನ್ ಪೂರಾ ಮುಚ್ಚಿ ಹೋಗಿ, ಮೇಲಿನ ಸಾಲಿನ ಬಟನ್ನಿಗೂ ನಾಣ್ಯ ತಾಗಿತು. ಭಾವನದ್ದು ಅದಕ್ಕೂ ಉತ್ತರ ರೆಡಿ, "44 ಪಿಕ್ಸೆಲ್ ಸ್ಟ್ಯಾಂಡರ್ಡ್." ಅದು ವೆಬ್‌ಸೈಟಿಗೆ, ಕೈಯಲ್ಲಿ ಹಿಡಿಯುವ ಫೋನಿಗೆ ಅಂತ ಇರುವ ಅಳತೆ ಮಾರಾಯ. ಇಲ್ಲಿ 21.5 ಇಂಚಿನ ಸ್ಕ್ರೀನು ನೆಟ್ಟಗೆ ನಿಲ್ಲಿಸಿದ್ದು, ಅಗಲ ಸುಮಾರು 27 ಸೆಂಟಿಮೀಟರ್, ಅದರಲ್ಲಿ 1080 ಪಿಕ್ಸೆಲ್, ಅಂದರೆ ನಾಲ್ಕು ಪಿಕ್ಸೆಲಿಗೆ ಒಂದು ಮಿಲಿಮೀಟರ್. 44 ಅಂದರೆ ಹನ್ನೊಂದು ಮಿಲಿಮೀಟರ್, ಅಷ್ಟೆ. ನಿಂತುಕೊಂಡು, ಕೈ ಚಾಚಿ, ಮತ್ತೊಂದು ಕೈಯಲ್ಲಿ ಚೀಲ ಹಿಡಿದು ಒತ್ತುವವರಿಗೆ ಎರಡು ಸೆಂಟಿಮೀಟರ್ ಆದರೂ ಬೇಕು, ನಮ್ಮ ರೂಪಾಯಿ ನಾಣ್ಯದಷ್ಟು. ಮತ್ತೆ ಗ್ಲಾಸು ದಪ್ಪ ಇದ್ದದ್ದರಿಂದ ಇನ್ನೊಂದು ತಮಾಷೆ. ಚಿತ್ರ ಇರುವುದು ಗ್ಲಾಸಿನ ಹಿಂದೆ, ಬೆರಳು ತಾಗುವುದು ಗ್ಲಾಸಿನ ಎದುರು, ಹಾಗಾಗಿ ಎತ್ತರದವರು ಮೇಲಿನಿಂದ ನೋಡಿ ಒತ್ತಿದರೆ ಬೆರಳು ಬಟನ್‌ಗಿಂತ ಸ್ವಲ್ಪ ಮೇಲೆ ಬೀಳ್ತದೆ, ಗಿಡ್ಡದವರದ್ದು ಕೆಳಗೆ. ಬಟನ್ ದೊಡ್ಡದಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಸಣ್ಣದಿದ್ದರೆ ಒಂದು ಒತ್ತಿದರೆ ಇನ್ನೊಂದು.

ಹೊಸಬರು ಹೇಗೆ ಉಪಯೋಗಿಸ್ತಾರೆ ಅಂತ ನೋಡಬೇಕಾದರೆ ಸುಮ್ಮನೆ ಕೂತು ನೋಡಬೇಕು, ಬಾಯಿ ಬಿಡಬಾರದು. ಇದೇ ಈ ಕೆಲಸದ ಅತಿ ಕಷ್ಟದ ಭಾಗ. ಬೆಂಚಿನ ತುದಿಯಲ್ಲಿ ಕೂತೆ. ಹತ್ತು ನಿಮಿಷಕ್ಕೆ ಒಬ್ಬ ಅಜ್ಜ ಬಂದರು, ಎತ್ತರದ ಆಳು, ಬಿಳಿ ಮುಂಡು, ಕಂಕುಳಲ್ಲಿ ಕೊಕ್ಕೆ ಹಿಡಿಯ ಕಪ್ಪು ಕೊಡೆ, ಕೈಯಲ್ಲಿ ಪ್ಲಾಸ್ಟಿಕ್ ಲಕೋಟೆ. ಸ್ಕ್ರೀನ್ ನೋಡಿದರು, ಎಂತದೂ ಕಾಣಲಿಲ್ಲ, ಬಾಗಿದರು, ಕಾಣಲಿಲ್ಲ. ಆಮೇಲೆ ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆಫೀಸಿನ ಒಳಗೆ ನಿಂತು ಕೊಡೆ ಬಿಡಿಸಿ ಬೆನ್ನ ಹಿಂದೆ ಹೆಗಲಿಗೆ ಒರಗಿಸಿ ಹಿಡಿದರು! ಗ್ಲಾಸಿನಲ್ಲಿ ಬಾಗಿಲು ಕಾಣುತ್ತಿದ್ದ ಜಾಗಕ್ಕೆ ಕಪ್ಪು ಕೊಡೆ ಬಂತು, ಅಕ್ಷರ ಎಲ್ಲ ಸ್ಪಷ್ಟ. ನಾನು ನಿಟ್ಸ್ ಲೆಕ್ಕ ಹಾಕಿ ಹೇಳಿದ್ದನ್ನು ಅಜ್ಜ ಎರಡು ಸೆಕೆಂಡಿನಲ್ಲಿ ಮಾಡಿ ತೋರಿಸಿದರು.

ಅಲ್ಲಿಂದ ಮುಂದೆ ಉಂಟಲ್ಲ. ಅಜ್ಜ ಬಂದದ್ದು ಮನೆ ತೆರಿಗೆ ಎಷ್ಟು ಬಾಕಿ ಅಂತ ನೋಡಲು. ಸ್ಕ್ರೀನಿನ ಕೆಳಗಿನ ಸಾಲಿನಲ್ಲಿ ಮೂರು ಬಟನ್: "ಹಿಂದೆ", "ಮನೆ", "ಮುಂದೆ". ಯಾರೋ ಪುಣ್ಯಾತ್ಮ ಇಂಗ್ಲಿಷಿನ ಹೋಮ್ ಅನ್ನುವುದನ್ನು ಹಾಗೇ ಮನೆ ಅಂತ ಕನ್ನಡ ಮಾಡಿ ಇಟ್ಟಿದ್ದಾರೆ. 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಬೋರ್ಡಿನಲ್ಲಿ ಕನ್ನಡ ಎಲ್ಲುಂಟು ಅಂತ ಹುಡುಕುವುದು ನಮಗೆ ಅಭ್ಯಾಸ, ಕೊನೆಗೂ ಕನ್ನಡ ಸಿಕ್ಕಿದ್ದು ಹೀಗೆ. ಅಜ್ಜನಿಗೆ "ಮನೆ" ಕಂಡಿತು. ಮುಖ ಅರಳಿತು. ಹೆಬ್ಬೆಟ್ಟು ಇಟ್ಟು ಒತ್ತಿ ಹಿಡಿದರು, ರೇಷನ್ ಅಂಗಡಿಯಲ್ಲಿ ಹೇಳಿಕೊಟ್ಟ ಹಾಗೆ, ಯಾರಾದರೂ "ಆಯ್ತು, ತೆಗೆಯಿರಿ" ಅನ್ನುವವರೆಗೆ. ಇಲ್ಲಿ ಹೇಳುವವರು ಯಾರು? ಒತ್ತಿ ಹಿಡಿದದ್ದಕ್ಕೆ ಮೆಷಿನ್ ಕಂಪ್ಯೂಟರಿನ ಮೌಸಿನ ಬಲಗಡೆ ಒತ್ತಿದಾಗ ಬರುವ ಆ ಉದ್ದ ಪಟ್ಟಿಯನ್ನು ಬಿಚ್ಚಿತು, ಇಂಗ್ಲಿಷಿನಲ್ಲಿ. ಅದನ್ನು ಬಂದ್ ಮಾಡುವುದು ಒಂದೆರಡು ಸಾಲಿನ ಕೋಡು, ಆದರೆ ಆಫೀಸಿನಲ್ಲಿ ಟೆಸ್ಟ್ ಮಾಡುವವರು ಯಾರೂ ಬಟನನ್ನು ಐದು ಸೆಕೆಂಡು ಒತ್ತಿ ಹಿಡಿಯುವುದಿಲ್ಲವಲ್ಲ.

ಸೆಕ್ಯುರಿಟಿಯ ಚೇಟ, ಮಲಯಾಳದಲ್ಲಿ ಅಣ್ಣ ಅಂತ, ದೂರದಿಂದಲೇ, ಮೆಲ್ಲ ಮುಟ್ಟಿ ಬಿಡಬೇಕು ಅಜ್ಜ ಅಂತ ಹೇಳಿದ. ಅಜ್ಜ ಮುಟ್ಟಿ ಬಿಟ್ಟರು. ಸ್ಕ್ರೀನ್ ಮೊದಲಿನ ಪೇಜಿಗೆ ಹೋಯಿತು, ಸ್ವಾಗತ, ಭಾಷೆ ಆರಿಸಿ. ಅಜ್ಜ ಕನ್ನಡ ಆರಿಸಿದರು. ಮತ್ತೆ ಮನೆ ಕಂಡಿತು. ಒತ್ತಿದರು. ಸ್ವಾಗತ. ಕನ್ನಡ. ಮನೆ. ಸ್ವಾಗತ. ಕನ್ನಡ. ಮನೆ. ನಾನು ಲೆಕ್ಕ ಹಾಕ್ತಾ ಇದ್ದೆ, ಆರನೇ ಸಲ ಅಜ್ಜನಿಗೆ ತನ್ನ ಬೆರಳಿನ ಮೇಲೇ ಸಂಶಯ ಬಂದು ಮುಂಡಿಗೆ ಉಜ್ಜಿ ಒತ್ತಿದರು. ಎಂಟನೇ ಸಲ ಕೊಡೆಯ ತುದಿಯಲ್ಲಿ ಒತ್ತಿ ನೋಡಿದರು, ಕೊಡೆಗೆ ಈ ಗ್ಲಾಸು ಸ್ಪಂದಿಸುವ ಜಾತಿಯದ್ದಲ್ಲ. ಒಂಬತ್ತನೇ ಸಲ ಮೆಷಿನಿಗೆ ಕೇಳುವ ಹಾಗೆ "ನಮ್ಮದು ಹಂಚಿನ ಮನೆ" ಅಂದರು. ತಪ್ಪಿದ್ದು ಬಹುಶಃ ಅಲ್ಲೇ ಅಂತ ಅವರಿಗೆ ಅನ್ನಿಸಿರಬೇಕು. ಮೇಲೆ ಸಣ್ಣ ಅಕ್ಷರದಲ್ಲಿ "ಕಟ್ಟಡ ತೆರಿಗೆ" ಅಂತ ಇತ್ತು, ಅದು ಅಂಗಡಿ ಕಟ್ಟಡದವರಿಗೆ ಅಂತ ಅವರ ನಂಬಿಕೆ. ನನ್ನದೂ ಅದೇ ಆಗ್ತಿತ್ತು.

ನಾನು ಬಾಯಿ ಮುಚ್ಚಿ ಕೂತಿದ್ದೆ ಅಂತ ಹೇಳಿದೆನಲ್ಲ, ಅದು ಸುಳ್ಳು. ಒಂಬತ್ತಕ್ಕೆ ಎದ್ದು ಹೋದೆ. ಆದರೆ ಚೇಟ ನನಗಿಂತ ಮುಂಚೆ ಬಂದು "ಸಾರಮಿಲ್ಲ, ಸಾರಮಿಲ್ಲ", ಅಂದರೆ ಪರವಾಗಿಲ್ಲ, ಅನ್ನುತ್ತಾ ತಾನೇ ಟಪಟಪ ಅಂತ ಒತ್ತಿದ. ಅವನ ಬೆರಳು ಎಷ್ಟು ಚುರುಕು ಅಂದರೆ ಒಂದು ಬಟನಿಗೆ ಎರಡು ಸಲ ಬೀಳ್ತದೆ. "ಮುಂದೆ" ಒತ್ತಿದ, ಹೊಸ ಪೇಜಿನಲ್ಲಿ ಅದೇ ಜಾಗದಲ್ಲಿ "ರದ್ದು" ಇತ್ತು, ಎರಡನೇ ಏಟು ಅದಕ್ಕೆ ಬಿತ್ತು. ಪೇಜ್ ಬದಲಾದ ಮೇಲೆ ಅರ್ಧ ಸೆಕೆಂಡು ಯಾವ ಮುಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ ನಾನು ಬರೆದುಕೊಂಡೆ. ಮತ್ತೊಮ್ಮೆ ಹೋದಾಗ ಮನೆ ನಂಬರ್ ಕೇಳಿತು. ಅಜ್ಜ ಲಕೋಟೆಯಿಂದ ರಬ್ಬರ್ ಬ್ಯಾಂಡ್ ತೆಗೆದು, ಕನ್ನಡಕ ಹುಡುಕಿ, ಹಳೇ ರಶೀದಿ ಬಿಚ್ಚುವಷ್ಟರಲ್ಲಿ ಮೂವತ್ತು ಸೆಕೆಂಡು ಮುಗಿದು, ಸ್ವಾಗತ. ಹೇಳದೆ ಕೇಳದೆ ಓಡಿಹೋಯಿತು. "ಇನ್ನೂ ಸಮಯ ಬೇಕಾ" ಅಂತ ಒಂದು ದೊಡ್ಡ ಬಟನ್ ಇಪ್ಪತ್ತು ಸೆಕೆಂಡಾದರೂ ತೋರಿಸಬೇಕು, ಮತ್ತೆ ರಶೀದಿ ಬೇಕು ಅಂತ ಮೊದಲ ಪೇಜಿನಲ್ಲೇ ಹೇಳಬೇಕು. ಬಸ್ಸಿನಲ್ಲಿ ಕಂಡಕ್ಟರ್ ಕೂಡ ಚಿಲ್ಲರೆ ತೆಗೆದಿಡಿ ಅಂತ ಮೊದಲೇ ಹೇಳ್ತಾನೆ.

ಕೊನೆಗೆ ಟೋಕನ್ ಬಂತು. ಅಜ್ಜ ಕೊಡೆ ಮಡಚಿ ನನ್ನ ಪಕ್ಕದಲ್ಲಿ ಕೂತರು. ಮೊದಲು ಇದೇ ಜಾಗದಲ್ಲಿ ಕಿಟಕಿ ಇತ್ತಂತೆ, ಒಳಗೆ ಒಬ್ಬರು ಕ್ಲಾರ್ಕು, ಇವರ ಮುಖ ಕಂಡ ಕೂಡಲೇ ಮನೆ ನಂಬರ್ ಅವರೇ ಹೇಳ್ತಿದ್ದರಂತೆ. ಅಡಿಕೆಗೆ ಎಷ್ಟಾಯ್ತು, ಮಗ ಬಂದನಾ ಅಂತ ಕೇಳಿ ಆಮೇಲೆ ರಶೀದಿ. "ಅದರಲ್ಲೂ ಲೇಟಾಗ್ತಿತ್ತು ಮಗ, ಆದರೆ ಆ ಲೇಟು ಬೇರೆ" ಅಂದರು. ನನಗೆ ಎಂತ ಹೇಳಬೇಕು ಗೊತ್ತಾಗಲಿಲ್ಲ, ಚಾ ಕುಡಿಯುವನಾ ಅಜ್ಜ ಅಂತ ಕೇಳಿದೆ, ಬೇಡ ಟೋಕನ್ ಕರೀತಾರೆ ಅಂದರು.

ರಾತ್ರಿ ಕೂತು ಎಲ್ಲ ಬರೆದು ಭಾವನಿಗೆ ಕಳಿಸಿದೆ. ಮೆಷಿನ್ ತಿರುಗಿಸು, ಬಿಳಿ ಹಿನ್ನೆಲೆ ಮಾಡು, ಬಟನ್ 80 ಪಿಕ್ಸೆಲ್ ಮಾಡು, "ಮನೆ" ತೆಗೆದು "ಮೊದಲಿನಿಂದ ಶುರು" ಅಂತ ಹಾಕು. ಅರ್ಧ ಗಂಟೆಯ ಕೆಲಸ ಅಂತ ಹೇಳಿದ್ದಕ್ಕೆ ನಾಲ್ಕು ಗಂಟೆ ಹೋಗಿತ್ತು, ದುಡ್ಡಿನ ಸುದ್ದಿ ಅವನೂ ಎತ್ತಲಿಲ್ಲ, ನನಗೂ ನಾಚಿಕೆ. ಇವತ್ತು ಬೆಳಗ್ಗೆ ಉತ್ತರ ಬಂತು. ಮೆಷಿನ್ ತಿರುಗಿಸಲಾಗುವುದಿಲ್ಲವಂತೆ, ವೈರ್ ಮೋಟು. ಬಣ್ಣ ಮುಂದಿನ ತಿಂಗಳು. "ಆದರೆ ಆ ಮನೆ ಪ್ರಾಬ್ಲಮ್ ಸರಿಮಾಡಿದ್ದೇವೆ ಭಾವಾ, ಬರಹ ಪೂರಾ ತೆಗೆದಿದ್ದೇವೆ" ಅಂತ ಬರೆದು ಕೆಳಗೆ ಫೋಟೋ ಹಾಕಿದ್ದ.

ದೊಡ್ಡ ಮಾಡಿ ನೋಡಿದೆ. ಅದೇ ಜಾಗದಲ್ಲಿ, ಅದೇ ಹನ್ನೊಂದು ಮಿಲಿಮೀಟರಿನಲ್ಲಿ, ಒಂದು ಮನೆಯ ಚಿತ್ರ. ಹಂಚಿನ ಮಾಡು.