ಯಶವಂತಪುರದವರ ಶಾಸಕರು ಯಾರು?

ದಾವಣಗೆರೆಯಿಂದ ವರ್ಗವಾಗಿ ಬಂದ ನಮ್ಮ ಭಾವ ಬೆಂಗಳೂರಿನ ಯಶವಂತಪುರದಲ್ಲಿ ಬಾಡಿಗೆ ಮನೆ ಹಿಡಿದರು. ಆಧಾರ್‌ನಲ್ಲಿ ವಿಳಾಸ ಬದಲಾಯಿಸಬೇಕಿತ್ತು. ಬಾಡಿಗೆ ಕರಾರು ಕೇಳಿದಾಗಲೆಲ್ಲ ಮನೆ ಮಾಲೀಕರು "ಹಬ್ಬ ಕಳೆಯಲಿ, ಮಾಡಿಸೋಣ" ಎನ್ನುತ್ತಿದ್ದರು. ಯಾವ ಹಬ್ಬ ಎಂದು ಮಾತ್ರ ಬಾಯಿ ಬಿಡಲಿಲ್ಲ.

ಇಂಥ ನತದೃಷ್ಟರಿಗಾಗಿ ಒಂದು ನಿಗದಿತ ನಮೂನೆಯ ಪ್ರಮಾಣಪತ್ರವಿದೆ. ಭಾವಚಿತ್ರ ಅಂಟಿಸಿ, ಗೆಜೆಟೆಡ್ ಅಧಿಕಾರಿ, ಕಾರ್ಪೊರೇಟರ್, ಶಾಸಕರು ಅಥವಾ ಸಂಸದರಿಂದ ಸಹಿ ಮತ್ತು ಮೊಹರು ಹಾಕಿಸಿದರೆ ಮೂರು ತಿಂಗಳು ಚಾಲ್ತಿಯಲ್ಲಿರುತ್ತದೆ. ಬೆಂಗಳೂರಿನ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದು, ಆಗಿನ್ನೂ ಆ ಕುರ್ಚಿಗಳು ಖಾಲಿಯಾಗಿದ್ದವು. ನಮ್ಮ ಬಳಗದಲ್ಲಿ ಗೆಜೆಟೆಡ್ ಅಧಿಕಾರಿಯಾಗಿರುವವರು ಒಬ್ಬರೇ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಆದ ಮಾತಿನಿಂದ ಅವರಿಗೂ ನಮಗೂ ಮಾತಿಲ್ಲ. ಉಳಿದವರು ಶಾಸಕರು.

"ಯಶವಂತಪುರ ಎನ್ನುವ ವಿಧಾನಸಭಾ ಕ್ಷೇತ್ರವೇ ಇದೆಯಲ್ಲ, ಇದರಲ್ಲಿ ಹುಡುಕುವುದೇನು?" ಎಂದು ಭಾವ ಅಲ್ಲಿಗೇ ಫೋನ್ ಮಾಡಿದರು. ಆ ಕಡೆಯಿಂದ ಬಹಳ ಸೌಜನ್ಯದ ದನಿ ಕೇಳಿತು: "ನಿಮ್ಮದು ಕೆಂಗೇರಿ ಕಡೆಯೋ, ಉಲ್ಲಾಳ ಕಡೆಯೋ ಸರ್?" ತಮ್ಮನ್ನು ಗೇಲಿ ಮಾಡುತ್ತಿದ್ದಾರೆಂದು ಭಾವನಿಗೆ ಸಿಟ್ಟು ಬಂದಿತು.

ಗೇಲಿಯೇನೂ ಅಲ್ಲ. 2008ರ ಮರುವಿಂಗಡಣೆಯಾದಾಗಿನಿಂದ ನಕ್ಷೆ ಇರುವುದೇ ಹಾಗೆ. 153ನೆಯ ಕ್ಷೇತ್ರವಾದ ಯಶವಂತಪುರದಲ್ಲಿ ಕೆಂಗೇರಿ, ಉಲ್ಲಾಳ, ಹೇರೋಹಳ್ಳಿ ಎಲ್ಲ ಇವೆ. ಯಶವಂತಪುರ ವಾರ್ಡ್ ಒಂದನ್ನು ಬಿಟ್ಟು! ಅದು ಸೇರಿರುವುದು 154ನೆಯ ಕ್ಷೇತ್ರವಾದ ರಾಜರಾಜೇಶ್ವರಿನಗರಕ್ಕೆ. ಪಕ್ಕದ ಮತ್ತಿಕೆರೆ ವಾರ್ಡ್ ಮಲ್ಲೇಶ್ವರಕ್ಕೆ. ಮನೆ ಗಡಿಯಂಚಿನಲ್ಲಿದ್ದರೆ ಆಚೆ ಬೀದಿಯವರಿಗೆ ಒಬ್ಬ ಶಾಸಕರು, ಈಚೆ ಬೀದಿಯವರಿಗೆ ಇನ್ನೊಬ್ಬರು. ಪಿನ್‌ಕೋಡ್ ನೋಡಿ ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ. ಆ ಗೆರೆಗಳು ಅಂಚೆಯಣ್ಣನ ಚೀಲಕ್ಕಾಗಿ ಎಳೆದವು, ಮತಪೆಟ್ಟಿಗೆಗಲ್ಲ.

ಹಾಗಾದರೆ ಭಾವನ ಮನೆ ಖಚಿತವಾಗಿ ಯಾವ ಕಡೆ? ಚುನಾವಣಾ ಆಯೋಗದ electoralsearch.eci.gov.in ತೆರೆದು ಅವರ ಮತದಾರರ ಗುರುತಿನ ಚೀಟಿಯ ಸಂಖ್ಯೆ ಹಾಕಿದೆವು. ಅದು ನಿಷ್ಠೆಯಿಂದ ದಾವಣಗೆರೆ ಉತ್ತರ ಎಂದಿತು. ಅಲ್ಲಿ ಕಾಣುವುದು ಹೆಸರು ನೋಂದಾಯಿಸಿರುವ ಜಾಗ, ಈಗ ಮಲಗುವ ಜಾಗವಲ್ಲ. ಬೀದಿಯ ಹೆಸರಿನಿಂದ ಹುಡುಕೋಣವೆಂದು ಮತದಾರರ ಪಟ್ಟಿ ಇಳಿಸಿಕೊಳ್ಳಲು ಹೋದರೆ, ಅದು ಜಿಲ್ಲೆ ಕೇಳಿತು, ಮರುಕ್ಷಣವೇ "ವಿಧಾನಸಭಾ ಕ್ಷೇತ್ರವನ್ನು ಆಯ್ದುಕೊಳ್ಳಿ" ಎಂದಿತು. ಭಾವ ಕನ್ನಡಕ ತೆಗೆದು ಒರೆಸಿಕೊಂಡು, "ಅದು ಗೊತ್ತಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದೆ?" ಎಂದು ಪರದೆಯನ್ನೇ ಕೇಳಿದರು.

ದಾರಿ ತೋರಿಸಿದವರು ಕೆಳಗಿನ ಮನೆಯ ಅಜ್ಜಿ. ನಲವತ್ತು ವರ್ಷದಿಂದ ಅದೇ ಕಟ್ಟಡದಲ್ಲಿರುವವರು. ಅರಿಸಿನದ ಕಲೆಯಿದ್ದ ಪ್ಲಾಸ್ಟಿಕ್ ಹೊದಿಕೆಯಿಂದ ತಮ್ಮ ಚೀಟಿ ತೆಗೆದುಕೊಟ್ಟರು. ಮೂರು ಅಕ್ಷರ, ಏಳು ಅಂಕಿ ಒತ್ತುತ್ತಲೇ 154 ರಾಜರಾಜೇಶ್ವರಿನಗರ ಎಂದೂ ಭಾಗ ಸಂಖ್ಯೆಯೂ ಮತಗಟ್ಟೆಯ ಹೆಸರೂ ಬಂದವು. ಆದರೆ ಅಕ್ಕಪಕ್ಕದವರ ಚೀಟಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅವರೂ ಎಲ್ಲಿಂದಲೋ ಬಂದು ಹೆಸರು ವರ್ಗಾಯಿಸದೆ ಇದ್ದಿರಬಹುದು. ಆದ್ದರಿಂದ ಆ ಭಾಗದ ಪಟ್ಟಿಯನ್ನು ಇಳಿಸಿಕೊಂಡು ಮೊದಲ ಪುಟ ನೋಡಿದೆವು. ಆ ಭಾಗಕ್ಕೆ ಸೇರಿದ ಬೀದಿಗಳ ಹೆಸರು ಅಲ್ಲಿ ಸಾಲಾಗಿ ಇರುತ್ತವೆ. ಭಾವನ ಅಡ್ಡರಸ್ತೆ ಅಲ್ಲಿತ್ತು. ಅಜ್ಜಿಯಂಥವರು ಸಿಗದವರಿಗೆ 1950 ಸಹಾಯವಾಣಿಯಿದೆ; ಬೂತ್ ಮಟ್ಟದ ಅಧಿಕಾರಿ ಯಾರೆಂದು ಕೇಳಿಕೊಂಡರೆ ಅವರಿಗೆ ಓಣಿಗಳೆಲ್ಲ ಬಾಯಿಪಾಠ.

ಇನ್ನು ಕಚೇರಿ. ತಾಲ್ಲೂಕು ಕಚೇರಿಯಂತೆ ಇದು ಒಂದೇ ಕಡೆ ಬೇರೂರಿದ್ದಲ್ಲ. ಶಾಸಕರು ಬದಲಾದರೆ ಫಲಕವೂ ಬದಲಾಗುತ್ತದೆ, ಕೆಲವೊಮ್ಮೆ ಬೀದಿಯೂ. ವಿಧಾನಸಭೆಯ ಜಾಲತಾಣದಲ್ಲಿ ಸದಸ್ಯರ ಹೆಸರು, ವಿಳಾಸ ನೋಡಿಕೊಂಡು, ಫೋನ್ ಮಾಡಿ, ಸಹಿ ಯಾವ ದಿನ ಎಂದು ಕೇಳಿಯೇ ಹೊರಡುವುದು ಕ್ಷೇಮ. ಭಾವ ಹಾಗೆಯೇ ಹೋಗಿ ಸಹಿ ಹಾಕಿಸಿಕೊಂಡು ಬಂದರು. ಆಧಾರ್‌ನಲ್ಲಿ ಹೊಸ ವಿಳಾಸವಾದ ಮೇಲೆ ಅದನ್ನೇ ಲಗತ್ತಿಸಿ, ಮತದಾರರ ಪಟ್ಟಿಯಲ್ಲಿ ಹೆಸರು ವರ್ಗಾಯಿಸಲು ನಮೂನೆ 8 ತುಂಬಿದರು.

ಆಗಲೇ ಅವರ ಕಣ್ಣು ಲೋಕಸಭಾ ಕ್ಷೇತ್ರದ ಮೇಲೆ ಬಿದ್ದದ್ದು. ರಾಜರಾಜೇಶ್ವರಿನಗರ ಸೇರಿರುವುದು ಕನಕಪುರ, ಕುಣಿಗಲ್‌ಗಳ ಜೊತೆಗೆ, ಬೆಂಗಳೂರು ಗ್ರಾಮಾಂತರಕ್ಕೆ. ಅತ್ತ ನೈರುತ್ಯದ ಕೆಂಗೇರಿಯವರು ಬೆಂಗಳೂರು ಉತ್ತರಕ್ಕೆ ಮತ ಹಾಕುತ್ತಾರೆ. ಅಕ್ಕ ಅದನ್ನು ಓದಿ, "ರಾಜಧಾನಿಗೆ ಕರೆದುಕೊಂಡು ಹೋಗುತ್ತೇನೆಂದು ನಮ್ಮ ಅಪ್ಪನ ಹತ್ತಿರ ಹೇಳಿ ಬಂದಿರಿ, ಕೊನೆಗೆ ಗ್ರಾಮಾಂತರಕ್ಕೆ ಸೇರಿಸಿದಿರಲ್ಲ" ಎಂದಳು. ಭಾವ ಉತ್ತರಿಸದೆ, ಮಾಲೀಕರಿಗೆ ಮತ್ತೊಮ್ಮೆ ಕರಾರಿನ ವಿಷಯ ಕೇಳಲು ಮಹಡಿ ಹತ್ತಿದರು.